ಕಾರಿನ ಎಸಿ ಕಂಪ್ರೆಸರ್ ಬದಲಾಯಿಸುವ ಮುಂಚೆ ಹಳೆಯದರ ಎಣ್ಣೆ ಅಳೆಯಿರಿ

ಹೊಸ ಕಂಪ್ರೆಸರ್ ಒಳಗೆ ಎಷ್ಟೋ ಸಲ ಇಡೀ ಎಸಿಗೆ ಬೇಕಾದಷ್ಟು ಎಣ್ಣೆ ತುಂಬಿಯೇ ಬಂದಿರುತ್ತದೆ. ಹಾಗೇ ಕೂರಿಸಿದರೆ ಎಣ್ಣೆ ಜಾಸ್ತಿಯಾಗುತ್ತದೆ. ಯಾಕಂದ್ರೆ ಹಳೆಯ ಎಣ್ಣೆ ಪೈಪು, ಕಂಡೆನ್ಸರ್‌ಗಳಲ್ಲೂ ಉಳಿದಿರುತ್ತದೆ.

ಗ್ಯಾಸ್ ಪೂರ್ತಿ ತೆಗೆಸಿದ ಮೇಲೆ ಹಳೆಯದನ್ನು ಬಿಚ್ಚಿ, ಬೋರಲು ಹಾಕಿ, ಶಾಫ್ಟ್ ತಿರುಗಿಸುತ್ತಾ ಅಳತೆಯ ಲೋಟಕ್ಕೆ ಸುರಿಯಿರಿ. ಒಟ್ಟು 120 ಮಿ.ಲೀ. ಹಿಡಿಯುವ ಎಸಿಯಲ್ಲಿ 50 ಬಂತು ಅಂದುಕೊಳ್ಳಿ. ಹೊಸದರಲ್ಲೂ 50 ಮಾತ್ರ ಉಳಿಸಿ. 120 ಹಾಗೇ ಬಿಟ್ಟರೆ, ಪೈಪು, ಕಂಡೆನ್ಸರ್‌ಗಳಲ್ಲಿ ಉಳಿದ 70 ಸೇರಿ ಒಟ್ಟು 190 ಆಗುತ್ತದೆ. ಆಗ ಎಣ್ಣೆ ಕೊಳವೆಗಳ ಒಳಗೆ ಪದರ ಕಟ್ಟಿ, ತಂಪು ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ. ತೀರಾ ಕಡಿಮೆ ಬಂದರೆ ಎಲ್ಲೋ ಸೋರಿರಬಹುದು. ಆಗ ಈ ಲೆಕ್ಕ ನಡೆಯಲ್ಲ, ಕೈಪಿಡಿಯ ಅಳತೆಯೇ ಗತಿ. ಸುರಿದದ್ದರಲ್ಲಿ ಲೋಹದ ಪುಡಿ ಮಿನುಗಿದರೆ ಮೊದಲು ಪೈಪುಗಳನ್ನು ತೊಳೆಸಿ.

ಇನ್ನು ಎಣ್ಣೆಯ ಜಾತಿ. ಆರ್-134ಎ ಗ್ಯಾಸಿಗೆ ಸಾಮಾನ್ಯವಾಗಿ ಪಿಎಜಿ ಎಂಬ ಕೃತಕ ಎಣ್ಣೆ. ಹಳೇ ಕಾಲದ ಮಿನರಲ್ ಎಣ್ಣೆ ಈ ಗ್ಯಾಸಿನಲ್ಲಿ ಬೆರೆಯುವುದಿಲ್ಲ. ಹಾಗಾಗಿ ಎಣ್ಣೆ ವಾಪಸ್ ಬಾರದೆ ಕಂಪ್ರೆಸರ್ ಒಣಗಿ ಸವೆಯುತ್ತದೆ. ಪಿಎಜಿಯಲ್ಲೂ 46, 100 ಅಂತ ದಪ್ಪ ಬೇರೆ ಬೇರೆ. ಲೇಬಲ್ ನೋಡಿಯೇ ಹಾಕಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಕಂಪ್ರೆಸರ್ ಒಳಗಿನ ಮೋಟಾರಿನ ಸುರುಳಿಗೆ ಎಣ್ಣೆ ತಾಗುತ್ತಲೇ ಇರುತ್ತದೆ. ಅಲ್ಲಿ ಹೆಚ್ಚಾಗಿ ಕರೆಂಟ್ ಹರಿಯಗೊಡದ ಪಿಒಇ ಎಂಬ ಎಣ್ಣೆ. ಸಾಧಾರಣ ಪಿಎಜಿ ಸ್ವಲ್ಪ ಸೇರಿದರೂ ಕರೆಂಟ್ ಸೋರಿ ಎಚ್ಚರಿಕೆ ದೀಪ ಹತ್ತಬಹುದು.