ಮಳೆಯ ಜೋಗದ ಮುಂದೆ ಬಿಸಿಲಿನ ನೆರಳು: ಪೋಸ್ಟರ್ ಸ್ಪರ್ಧೆಗೆ ನಿಯಮ ಬರೆದ ಅನುಭವ

ನಾನು ಶಿವಮೊಗ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೋದ ವರ್ಷ ನಮ್ಮ ಕಲಾ ಸಂಘದ ಪೋಸ್ಟರ್ ಸ್ಪರ್ಧೆಯ ನೋಟಿಸಿನಲ್ಲಿ "ಹಿನ್ನೆಲೆ ಬದಲಿಸಬಹುದು" ಅಂತ ಮಾತ್ರ ಬರೆದಿದ್ದೆ. ಅದು ಸಾಕಾಗಲಿಲ್ಲ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ತಂಗಿಯ ಫೋಟೊವನ್ನು ಮಳೆಗಾಲದ ಜೋಗದ ಮುಂದೆ ಕೂರಿಸಿದ್ದಳು. ತುಂಬಾ ಚೆನ್ನಾಗಿ ಕತ್ತರಿಸಿದ್ದಳು. ಆದರೂ ನೋಡಿದ ಕೂಡಲೇ ಅಂಟಿಸಿದ್ದು ಅಂತ ಗೊತ್ತಾಗುತ್ತಿತ್ತು. "ಯಾಕೆ ಸಾರ್ ಹೀಗಾಯ್ತು?" ಅಂತ ಕೇಳಿದಳು. ತಂಗಿಯ ಮೂಗಿನ ಕೆಳಗೆ, ಗಲ್ಲದ ಕೆಳಗೆ ನೋಡು ಅಂದೆ. ಅಲ್ಲಿ ಕಪ್ಪಗೆ, ಗೆರೆ ಎಳೆದ ಹಾಗೆ ನೆರಳಿತ್ತು. ಫೋಟೊ ತೆಗೆದದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಜೋಗದ ಫೋಟೊದಲ್ಲಿ ಆಕಾಶವೆಲ್ಲ ಮೋಡ. ಮೋಡದ ಬೆಳಕು ಎಲ್ಲ ಕಡೆಯಿಂದ ಬರುತ್ತದೆ, ಅಂಥ ನೆರಳು ಬೀಳುವುದೇ ಇಲ್ಲ. ಇದನ್ನು ಕಂಪ್ಯೂಟರಿನಲ್ಲಿ ಸರಿಮಾಡುವುದು ಬಹಳ ಕಷ್ಟ. ಫೋಟೊವನ್ನೇ ಮತ್ತೆ ತೆಗೆಯಬೇಕು.

ಅದಕ್ಕೇ ಈ ವರ್ಷದ ನೋಟಿಸಿನ ಮೊದಲ ನಿಯಮ ಹೀಗಿದೆ: "ಮೊದಲು ಹಿನ್ನೆಲೆ ಆರಿಸಿ. ಅದರ ಬೆಳಕು ನೋಡಿ. ಆಮೇಲೆ ಅದೇ ಬೆಳಕಿನಲ್ಲಿ ಮನುಷ್ಯರ ಫೋಟೊ ತೆಗೆಯಿರಿ." ಆ ಹುಡುಗಿ ಈ ಸಲ ತಂಗಿಯನ್ನು ಶಾಲೆಯ ಜಗಲಿಯ ಅಂಚಿನಲ್ಲಿ, ಅಂಗಳದ ಕಡೆ ಮುಖ ಮಾಡಿ ನಿಲ್ಲಿಸಿದಳು. ಹೊರಗೆ ಮಳೆ. ಮುಖದ ಮೇಲೆ ಮೆತ್ತಗಿನ ಬೆಳಕು ಬಿತ್ತು.

ಎರಡನೆಯ ನಿಯಮ ಮಂಜಿನದು. ಮಲೆನಾಡಿನ ಹಿನ್ನೆಲೆ ಅಂದರೆ ಮಂಜು ಇದ್ದೇ ಇರುತ್ತದೆ ಅಲ್ವಾ? ಮಕ್ಕಳು ಇಡೀ ಚಿತ್ರದ ಮೇಲೆ ಸುಮ್ನೆ ಬಿಳಿ ಬಣ್ಣ ತೇಲಿಸಿಬಿಡುತ್ತಾರೆ. ಆದರೆ ಮಂಜು ದೂರದ ವಸ್ತುವನ್ನೇ ಜಾಸ್ತಿ ಮಸುಕು ಮಾಡುತ್ತದೆ. ಹತ್ತಿರ ನಿಂತವರ ಕೂದಲು ಕಪ್ಪಾಗಿಯೇ ಉಳಿಯಬೇಕು. ದೂರದಲ್ಲಿ ನಿಲ್ಲಿಸುವುದಾದರೆ, ಫೋಟೊ ತಿದ್ದುವ ಸಾಫ್ಟ್‌ವೇರ್ ಜಿಂಪ್‌ನಲ್ಲಿ ಅವರ ಲೇಯರ್ ಆರಿಸಿ, `Colors > Levels` ತೆರೆದು, `Output Levels` ಸಾಲಿನ ಎಡಗಡೆಯ ಸೊನ್ನೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಪಕ್ಕದಲ್ಲೇ, ಅಷ್ಟೇ ದೂರದಲ್ಲಿರುವ ಮರದ ಕಪ್ಪಿಗೆ ಕೂದಲಿನ ಕಪ್ಪು ಹೊಂದಿದರೆ ಅಲ್ಲಿಗೆ ನಿಲ್ಲಿಸಬೇಕು.

ಅಂಚಿನ ವಿಷಯಕ್ಕೆ ಒಂದೇ ಮಾತು ಬರೆದೆ: ರಬ್ಬರಿನಿಂದ ಅಳಿಸಬೇಡಿ, ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಲೇಯರ್ ಮಾಸ್ಕ್ ಬಳಸಿ. ಅಳಿಸಿದರೆ ಹೋದ ಕೂದಲನ್ನು ಆಮೇಲೆ ತರಿಸುವುದು ಕಷ್ಟ. ಮಾಸ್ಕಿನಲ್ಲಿ ಬಿಳಿ ಬಳಿದರೆ ಬರುತ್ತದೆ.

ಕೊನೆಗೆ, ಹಿನ್ನೆಲೆಯೂ ಮಕ್ಕಳೇ ಅಥವಾ ಮನೆಯವರು ತೆಗೆದ ಫೋಟೊ ಆಗಿರಬೇಕು ಅಂತ ಸೇರಿಸಿದೆ. ಪೋಸ್ಟರ್ ಜೊತೆಗೆ ಎರಡೂ ಮೂಲ ಫೋಟೊ, ಲೇಯರ್ ಇರುವ ಜಿಂಪ್‌ನ `.xcf` ಫೈಲು ಕೊಡಬೇಕು. ಅದನ್ನು ತೆರೆದು, ಮಾಸ್ಕ್ ಆಫ್ ಮಾಡಿ, ಎಲ್ಲಿ ಎಡವಿದ್ದಾರೆ ಅಂತ ಮಗುವಿನ ಪಕ್ಕದಲ್ಲೇ ಕೂತು ತೋರಿಸುತ್ತೇನೆ.