ತಟ್ಟೆಯನ್ನು ಬಿಟ್ಟು ಡ್ರಮ್ ತಿರುಗಿಸಿದೆ: ಸ್ಟೋಕ್ಸ್‌ನ ಮೊದಲ ಸಮಸ್ಯೆ ನನ್ನ ಮೇಜಿನ ಮೇಲೆ

ನಿಶ್ಚಲ ದ್ರವದಲ್ಲಿ ಅನಂತ ತಟ್ಟೆಯೊಂದು ಥಟ್ಟನೆ ಚಲಿಸತೊಡಗಿದರೆ ಸಂವೇಗ ಎಷ್ಟು ದೂರ ಹಬ್ಬುತ್ತದೆ ಎಂಬ ಲೆಕ್ಕವನ್ನು ಸ್ಟೋಕ್ಸ್ 1851ರಲ್ಲೇ ಬಿಡಿಸಿದ್ದಾನೆ. ನಾವೆಲ್ಲ ಅದನ್ನು ಕಪ್ಪುಹಲಗೆಯ ಮೇಲೆ ವರ್ಷವರ್ಷವೂ ಬರೆಯುತ್ತೇವೆ. ಆದರೆ ಕಣ್ಣಿಗೆ ಕಾಣುವಂತೆ ಅಳೆದು ತೋರಿಸುತ್ತೇನೆಂದಾಗ ವಿಭಾಗದಲ್ಲಿ ಯಾರೂ ನಂಬಲಿಲ್ಲ. "ಅನಂತ ತಟ್ಟೆ ಎಲ್ಲಿಂದ ತರುತ್ತೀರಿ ಸರ್?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಉಪಕರಣ ಮಾರುವವರಿಂದ ತರಿಸಿದ ಕೊಟೇಶನ್ ಆರು ಲಕ್ಷದ ಆಸುಪಾಸಿನಲ್ಲಿತ್ತು. ಕೊನೆಗೆ ನನಗೆ ತಗುಲಿದ್ದು, ವ್ಯರ್ಥವಾದದ್ದನ್ನೂ ಸೇರಿಸಿ, ಸುಮಾರು ಇಪ್ಪತ್ತೆರಡು ಸಾವಿರ. ಈಗ ನನ್ನ ವಕ್ರರೇಖೆಗಳು ಒಂದರ ಮೇಲೊಂದು ಕೂರುತ್ತವೆ.

ಮೊದಲು ಕಟ್ಟಿಸಿದ್ದು ಉದ್ದನೆಯ ನೇರ ಗಾಜಿನ ತೊಟ್ಟಿ. ಹನ್ನೆರಡು ಸೆಂಟಿಮೀಟರ್ ಅಗಲ, ಒಂದು ಗೋಡೆಗೆ ಒತ್ತಿಕೊಂಡು ಜಾರುವ ಅಕ್ರಿಲಿಕ್ ತಟ್ಟೆ. ಒಂಬತ್ತು ಸಾವಿರ ಖರ್ಚಾಯಿತು. ತಟ್ಟೆಯ ಬಳಿ ಎಲ್ಲವೂ ಚೆನ್ನಾಗಿಯೇ ಇತ್ತು. ಆದರೆ ಹರಿವು ಕಾಣಲೆಂದು ಬೆರೆಸಿದ ಕಣಗಳಲ್ಲಿ ದೂರದವು ನಿಶ್ಚಲವಾಗಿರುವ ಬದಲು ಹಿಮ್ಮುಖವಾಗಿ ಚಲಿಸುತ್ತಿದ್ದವು. ಎಂಟನೆಯ ಸೆಕೆಂಡಿನ ಹೊತ್ತಿಗೆ ಆ ಹಿನ್ನಡೆ ತಟ್ಟೆಯ ವೇಗದ ಏಳನೆಯ ಒಂದು ಪಾಲಿನಷ್ಟಾಯಿತು. ಕಾರಣ ಸರಳ: ತಟ್ಟೆ ತನ್ನೊಡನೆ ಎಳೆದೊಯ್ಯುವ ದ್ರವ, ಒಂದು ಮೀಟರ್ ಎತ್ತರಕ್ಕೆ ಸೆಕೆಂಡಿಗೆ ಇಷ್ಟೆಂದು ಲೆಕ್ಕ ಹಾಕಿದರೆ, 1.13 U√(νt). ಇಲ್ಲಿ U ತಟ್ಟೆಯ ವೇಗ, t ಕಾಲ, ν ಎಂದರೆ ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ್ದು. ತೊಟ್ಟಿಯ ತುದಿ ಮುಚ್ಚಿರುವುದರಿಂದ ಅಷ್ಟೂ ದ್ರವ ಮರಳಿ ಬರಲೇಬೇಕು, ಅದಕ್ಕೆ ಬೇಕಾದ ಒತ್ತಡದ ಇಳಿಜಾರು ತಟ್ಟೆ ಹೊರಟ ಕ್ಷಣದಲ್ಲೇ ಹುಟ್ಟುತ್ತದೆ. ತೊಟ್ಟಿಯನ್ನು ಉದ್ದ ಮಾಡಿದರೆ ಇದು ಕಡಿಮೆಯಾಗುವುದಿಲ್ಲ, ಅಗಲ ಮಾಡಿದರೆ ಮಾತ್ರ ಕಡಿಮೆಯಾಗುತ್ತದೆ. ಅಷ್ಟು ಅಗಲದ ತೊಟ್ಟಿ ತುಂಬಿಸುವಷ್ಟು ಗ್ಲಿಸರಿನ್ ಕೊಳ್ಳುವ ಶಕ್ತಿ ನನಗಿರಲಿಲ್ಲ.

ತುದಿಯೇ ಇರಬಾರದೆಂದರೆ ವೃತ್ತವಾಗಬೇಕು. ನೀರು ತುಂಬಿದ ಬಕೆಟ್ಟಿನ ನಡುವೆ ಸಿಲಿಂಡರ್ ತಿರುಗಿಸಿ ನೋಡಿದೆ. ಕೆಲವೇ ಸೆಕೆಂಡುಗಳಲ್ಲಿ ಅದರ ಸುತ್ತ ಬಳೆಬಳೆಯಾಗಿ ಸುರುಳಿಗಳು ಎದ್ದವು. ಒಳಗಿನ ಗೋಡೆ ವೇಗವಾಗಿ, ಹೊರಗಿನ ದ್ರವ ನಿಧಾನವಾಗಿ ಇದ್ದರೆ ಕೇಂದ್ರಾಪಗಾಮಿ ಅಸ್ಥಿರತೆ ಬಿಡುವುದಿಲ್ಲ. ಅದನ್ನು ತಿರುವುಮುರುವು ಮಾಡಿದ್ದೇ ಗೆಲುವಿಗೆ ದಾರಿಯಾಯಿತು: ಒಳಗೆ ಏನೂ ಇಡದೆ ಹೊರಗಿನ ಡ್ರಮ್ಮನ್ನೇ ತಿರುಗಿಸುವುದು. ಆಗ ಹೊರಗೆ ವೇಗ ಹೆಚ್ಚು, ಒಳಗೆ ಕಡಿಮೆ, ಹರಿವು ಸ್ಥಿರ. ಗೋಡೆಯೇ ತಟ್ಟೆ, ಸಂವೇಗ ಒಳಮುಖವಾಗಿ ಹಬ್ಬುತ್ತದೆ.

ಮುನ್ನೂರು ಮಿಲಿಮೀಟರ್ ಒಳವ್ಯಾಸದ ಅಕ್ರಿಲಿಕ್ ಕೊಳವೆಯ ತುಂಡಿಗೆ ತಳ ಅಂಟಿಸಿ, ಬೇರಿಂಗ್ ಮೇಲೆ ಕೂರಿಸಿ, ಸ್ಟೆಪ್ಪರ್ ಮೋಟಾರಿನಿಂದ ಬೆಲ್ಟ್ ಹಾಕಿದೆ. ಗೋಡೆಯ ವೇಗ ಸೆಕೆಂಡಿಗೆ ಮೂರು ಸೆಂಟಿಮೀಟರ್, ಅಂದರೆ ಒಂದು ಸುತ್ತಿಗೆ ಅರ್ಧ ನಿಮಿಷ. ಅಳತೆ ಎಂಟು ಸೆಕೆಂಡಿನಲ್ಲಿ ಮುಗಿಯುತ್ತದೆ, ಅಂದರೆ ಡ್ರಮ್ ಕಾಲು ಸುತ್ತು ಸುತ್ತುವಷ್ಟರಲ್ಲಿ. ತಳದಿಂದ ಹುಟ್ಟುವ ಎಕ್‌ಮನ್ ಸುಳಿ ನಡುಮಟ್ಟಕ್ಕೆ ತೊಂದರೆ ಕೊಡಲು ಅಷ್ಟು ಹೊತ್ತು ಸಾಲದು. ಡ್ರಮ್ ಓಲಾಡದಂತೆ ಕೇಂದ್ರಕ್ಕೆ ಕೂರಿಸಲು ನಾನು ಕಂಡುಕೊಂಡ ಉಪಾಯವನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಲೇತ್ ಮುಂದೆ ನಿಂತು ಕೆಲಸ ಮಾಡಿದವರಿಗೆ ತಾನಾಗಿಯೇ ಹೊಳೆಯುತ್ತದೆ.

ದ್ರವದ ಆಯ್ಕೆಯಲ್ಲೇ ಅರ್ಧ ಕೆಲಸ. ಶುದ್ಧ ಗ್ಲಿಸರಿನ್ ಬಳಸಿದರೆ ಒಂದೇ ಸೆಕೆಂಡಿನಲ್ಲಿ ಪ್ರಭಾವ ಹತ್ತು ಸೆಂಟಿಮೀಟರ್ ದಾಟಿ ಡ್ರಮ್ಮಿನ ನಡುವಿಗೆ ಸಮೀಪಿಸುತ್ತದೆ, ಅರೆ ಅನಂತ ದ್ರವವೆಂಬ ಊಹೆ ಅಲ್ಲಿಗೆ ಸತ್ತಿತು. ನೀರಿನಲ್ಲಾದರೆ ಎಂಟು ಸೆಕೆಂಡಿಗೂ ಒಂದು ಸೆಂಟಿಮೀಟರ್ ಮಾತ್ರ, ಸಾಲದ್ದಕ್ಕೆ ಕೋಣೆಯ ಶಾಖದಿಂದ ಏಳುವ ಸಣ್ಣ ಹರಿವುಗಳೇ ಅಳತೆಯನ್ನು ಕೆಡಿಸುತ್ತವೆ. ತೂಕದಲ್ಲಿ ಎಂಬತ್ತು ಪಾಲು ಗ್ಲಿಸರಿನ್, ಇಪ್ಪತ್ತು ಪಾಲು ನೀರು ನನಗೆ ಸರಿಹೊಂದಿತು. ಹದಿಮೂರು ಲೀಟರಿಗೆ ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಕಲಸಿದ ಮೇಲೆ ಒಂದು ರಾತ್ರಿ ಬಿಡಬೇಕು, ಇಲ್ಲದಿದ್ದರೆ ಎಳೆಎಳೆಯಾಗಿ ಕಾಣುತ್ತದೆ. ತಾಪಮಾನವನ್ನು ಕಡೆಗಣಿಸಿದರೆ ಎಲ್ಲವೂ ಹಾಳು: ಇಪ್ಪತ್ತರಿಂದ ಮೂವತ್ತು ಡಿಗ್ರಿಗೆ ಏರಿದರೆ ಈ ಮಿಶ್ರಣದ ಸ್ನಿಗ್ಧತೆ ಸುಮಾರು 60 ಸೆಂಟಿಪಾಯ್ಸ್‌ನಿಂದ 34ಕ್ಕೆ ಇಳಿಯುತ್ತದೆ. ಮುಚ್ಚದೆ ಇಟ್ಟರೆ ಗ್ಲಿಸರಿನ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಒಂದು ವಾರದ ಅಂಕಿಗಳು ಇದರಿಂದಲೇ ದಿನದಿನಕ್ಕೂ ಜಾರಿದವು.

ನಾನೂರು ರೂಪಾಯಿಯ ರೇಖಾ ಲೇಸರ್, ದ್ರವದ ನಡುಮಟ್ಟದಲ್ಲಿ ಅಡ್ಡಲಾಗಿ ಬೆಳಕಿನ ಹಾಳೆ, ಮೇಲಿನಿಂದ ಮೊಬೈಲ್ ಕ್ಯಾಮೆರಾ. ಕಣಗಳಿಗೆ ಯಾವ ಪುಡಿ ಬಳಸಿದೆನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ವೀಡಿಯೊವನ್ನು ImageJ ಯಲ್ಲಿ ಬಿಡಿಸಿ, 0.2 ಸೆಕೆಂಡ್ ಅಂತರದ ಚಿತ್ರಗಳಿಂದ ವೇಗ ತೆಗೆದೆ.

ಪಠ್ಯದಲ್ಲಿರುವ, ವೇಗ ಗೋಡೆಯ ವೇಗದ ಶೇಕಡ ಒಂದಕ್ಕೆ ಇಳಿಯುವ ಗಡಿ, ಅಂದರೆ 3.64√(νt), ಅಳೆಯಲು ಹೋಗಬೇಡಿ. ಅಲ್ಲಿ ವೇಗ ಸೆಕೆಂಡಿಗೆ 0.3 ಮಿಲಿಮೀಟರ್, ಅದು ಗದ್ದಲದಲ್ಲೇ ಮುಳುಗುತ್ತದೆ. ವೇಗ ಅರ್ಧಕ್ಕೆ ಇಳಿಯುವ ಜಾಗ ಹಿಡಿಯಿರಿ. ಗೋಡೆಯಿಂದ ಅದರ ದೂರ y = 0.954√(νt), ಅಲ್ಲಿ ವಕ್ರರೇಖೆ ಇನ್ನೂ ಕಡಿದಾಗಿದೆ, ಬೆರಳಿಟ್ಟು ತೋರಿಸಬಹುದು. ನನಗೆ ಎರಡನೆಯ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್, ಎಂಟನೆಯ ಸೆಕೆಂಡಿಗೆ 16.5 ಬಂತು. ನಾಲ್ಕು ಪಟ್ಟು ಕಾಲಕ್ಕೆ ಎರಡು ಪಟ್ಟಿಗಿಂತ ತುಸು ಹೆಚ್ಚು. ಆ ತುಸುವೇ ನನ್ನ ನಿದ್ದೆ ಕೆಡಿಸಿದ್ದು, ಏಕೆಂದರೆ y² ಮತ್ತು t ನಕ್ಷೆ ನೇರವಾಗಿರದೆ ಮೇಲಕ್ಕೆ ಬಾಗುತ್ತಿತ್ತು. ಗೋಡೆಯ ಬಾಗುವಿಕೆಯೇ ಇದಕ್ಕೆ ಕಾರಣ. r ಕೇಂದ್ರದಿಂದಿರುವ ದೂರ, R ಡ್ರಮ್ಮಿನ ತ್ರಿಜ್ಯ ಎಂದುಕೊಂಡು, ಅಳೆದ ವೇಗವನ್ನು √(r/R) ನಿಂದ ಗುಣಿಸಿದರೆ ಸಿಲಿಂಡರಿನ ಸಮೀಕರಣ ಹೆಚ್ಚುಕಡಿಮೆ ಚಪ್ಪಟೆ ತಟ್ಟೆಯ ಸಮೀಕರಣವೇ ಆಗುತ್ತದೆ. ಉಳಿಯುವ ಪದ ನಮ್ಮ ಎಂಟು ಸೆಕೆಂಡಿನಲ್ಲಿ ಶೇಕಡ ಒಂದರ ಆಸುಪಾಸಿನದು. ಇದಾದ ಮೇಲೆ ಅಂಕಿಗಳು 7.7 ಮತ್ತು 15.5 ಆದವು, ನಕ್ಷೆ ನೇರವಾಯಿತು. ಅದರ ಇಳಿಜಾರು ಸೆಕೆಂಡಿಗೆ ಸುಮಾರು 30 ಚದರ ಮಿಲಿಮೀಟರ್, ಅದನ್ನು 0.91ರಿಂದ ಭಾಗಿಸಿದರೆ ν 33. ಗುಂಡು ಬೀಳಿಸಿ ಅಳೆಯುವ ನಮ್ಮ ವಿಸ್ಕೋಮೀಟರ್ ಅದೇ ದಿನ ಅದೇ ಏಕಮಾನದಲ್ಲಿ 34ರ ಬಳಿ ಕೊಟ್ಟಿತು.

ಇನ್ನೊಂದು ಮಾತು: ಮೋಟಾರ್ ಥಟ್ಟನೆ ವೇಗಕ್ಕೆ ಬರುವುದಿಲ್ಲ, 0.3 ಸೆಕೆಂಡಾದರೂ ತೆಗೆದುಕೊಳ್ಳುತ್ತದೆ. ಅದಕ್ಕಾಗಿ ದುಬಾರಿ ಸರ್ವೋ ಕೊಳ್ಳಬೇಕಿಲ್ಲ. ವೇಗ ಸಮನಾಗಿ ಏರಿದರೆ, ಆಮೇಲಿನ ಹರಿವು ಏರಿಕೆಯ ಅರ್ಧ ಅವಧಿ ತಡವಾಗಿ ಹೊರಟಂತೆ ವರ್ತಿಸುತ್ತದೆ. y² ರೇಖೆ ಕಾಲದ ಅಕ್ಷವನ್ನು 0.15ರ ಬಳಿ ಕತ್ತರಿಸಿತು. ಆ ಬಿಂದುವನ್ನೇ ಸೊನ್ನೆ ಎಂದುಕೊಂಡು ಲೆಕ್ಕ ಹಾಕಿದ್ದೇನೆ, ಮೇಲಿನ ಸೆಕೆಂಡುಗಳೆಲ್ಲ ಅಲ್ಲಿಂದ ಎಣಿಸಿದವು.

ಎಲ್ಲರ ಬಾಯಿ ಮುಚ್ಚಿಸಿದ್ದು ವೇಗ ಬದಲಿಸಿದ ಪರೀಕ್ಷೆ. ಗೋಡೆಯ ವೇಗವನ್ನು ಇಮ್ಮಡಿ ಮಾಡಿದರೆ ಪ್ರಭಾವ ಇನ್ನೂ ದೂರ ಹೋಗುತ್ತದೆಂದು ವಿದ್ಯಾರ್ಥಿಗಳು ಪಣ ಕಟ್ಟಿದ್ದರು. ಅರ್ಧವೇಗದ ಜಾಗ ಒಂದಿಷ್ಟೂ ಅಲುಗಲಿಲ್ಲ. η = y/(2√(νt)) ಅಕ್ಷದ ಮೇಲೆ ಎರಡೂ ವೇಗಗಳ, ಎಲ್ಲ ಕಾಲಗಳ ಚುಕ್ಕಿಗಳು ಸ್ಟೋಕ್ಸ್‌ನ ಲೆಕ್ಕ ಕೊಡುವ ಒಂದೇ erfc ರೇಖೆಯ ಮೇಲೆ ಬಿದ್ದವು. ಅನಂತ ತಟ್ಟೆ ಕೇಳಿದ್ದ ಆ ಸಹೋದ್ಯೋಗಿ ಚಿತ್ರವನ್ನು ತಮ್ಮ ತರಗತಿಗೆ ಕೇಳಿ ಒಯ್ದರು.

ಕುತೂಹಲಕ್ಕೆ ಸಿಎಂಸಿ, ಅಂದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಪುಡಿ ಕರಗಿಸಿದ ದ್ರವವನ್ನೂ ಹಾಕಿ ನೋಡಿದೆ. ಅದು ಉಜ್ಜಿದಷ್ಟೂ ತೆಳುವಾಗುವ ದ್ರವ. ಘಾತ ನಿಯಮ ಪಾಲಿಸುವ, ಆ ನಿಯಮದ ಘಾತ n ಇರುವ ಅಂಥ ದ್ರವದಲ್ಲಿ ದೂರ t ಯ 1/(n+1) ಘಾತದಂತೆ ಬೆಳೆಯಬೇಕು. n 0.7 ಇದ್ದರೆ ಘಾತ 0.59. ನನಗೆ ಅರ್ಧಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬಂತು, ಮತ್ತು ಈ ಸಲ ಗೋಡೆಯ ವೇಗ ಬದಲಿಸಿದಾಗ ಅರ್ಧವೇಗದ ಜಾಗವೂ ಸರಿಯಿತು. √(r/R) ಉಪಾಯ ಈ ದ್ರವಕ್ಕೆ ಒಗ್ಗದ ಕಾರಣ ಅಂಕಿಗಳನ್ನು ಇನ್ನೂ ಹೊರಗೆ ಕೊಟ್ಟಿಲ್ಲ. ಇದಕ್ಕೆ ಅರ್ಧ ಮೀಟರ್ ವ್ಯಾಸದ ಡ್ರಮ್ ಬೇಕು, ಕೊಳವೆಯ ಬೆಲೆ ವಿಚಾರಿಸುತ್ತಿದ್ದೇನೆ.