ದವಾಖಾನಿ ಬಿಲ್ ಹೊಂದಿಸೂದು ಹೆಂಗ? ಮೊದಲ ರೂಮ್ ನೋಡ್ರಿ, ಸಾಲ ಆಮ್ಯಾಲ

ಹೋದ ವರ್ಷ ಗದಗಿನ ನಮ್ಮ ಕಾಕಾಗ ಪಿತ್ತಕೋಶದಾಗ ಕಲ್ಲಾಗಿ ಹುಬ್ಬಳ್ಳಿಗೆ ಕರ್ಕೊಂಡು ಬಂದ್ವಿ. 3 ಲಕ್ಷದ ಇನ್ಶೂರನ್ಸ್ ಇತ್ತು. ‘ವಯಸ್ಸಾದವ್ರು, ಸ್ಪೆಷಲ್ ರೂಮ್ ಇರ್ಲಿ, ಹೆಂಗೂ ಕಂಪನಿ ಕೊಡ್ತೈತಲ್ಲ’ ಅಂದ ಕಾಕಾನ ಮಗ ದಿನಕ್ಕ 6,000 ರೂಪಾಯಿದ ರೂಮ್ ಹಿಡ್ಸಿದ. ಆ ಒಂದ ಮಾತಿಗೆ 52,000 ದಂಡ ಬಿತ್ತು. ಹೆಂಗ ಅಂತ ಕೆಳಗ ಹೇಳ್ತೀನಿ.

ಮೊದಲನೇ ಕೆಲಸ, ರೇಷನ್ ಕಾರ್ಡ್ ತಗೀರಿ. ಬಿಪಿಎಲ್ ಇದ್ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಐತಿ, ಎಪಿಎಲ್ ಇದ್ರ ಪ್ಯಾಕೇಜ್ ದರದ 30 ಪರ್ಸೆಂಟ್ ಅಷ್ಟ, ಅದೂ 1.5 ಲಕ್ಷದ ಒಳಗ. ಆದ್ರ ಎಮರ್ಜೆನ್ಸಿ ಇಲ್ಲಂದ್ರ ಖಾಸಗಿಗೆ ಹೋಗೂಕಿಂತ ಮೊದಲ ಸರ್ಕಾರಿ ದವಾಖಾನಿ ರೆಫರಲ್ ಚೀಟಿ ಬೇಕು. ಅಡ್ಮಿಟ್ ಆಗಿ ಮೂರು ದಿನಕ್ಕ ಕಾರ್ಡ್ ತೋರಿಸೋ ಮಂದಿನ್ನ ಭಾಳ ನೋಡೀನಿ, ಅವಾಗ ಏನೂ ಮಾಡಾಕ ಬರೂದಿಲ್ಲ.

ಎರಡನೇದು ರೂಮ್. ಮಂದಿ ಕೆಡೂದು ಇಲ್ಲೇ. ಹಳೇ ಪಾಲಿಸಿಗಳಾಗ ರೂಮ್ ಬಾಡಿಗಿ ದಿನಕ್ಕ ಪಾಲಿಸಿ ಮೊತ್ತದ 1 ಪರ್ಸೆಂಟ್ ಅಂತ ಮಿತಿ ಇರ್ತೈತಿ, ಕಾಕಾಂದು 3,000. 6,000ದ ರೂಮ್ ಹಿಡಿದ್ರ ಮ್ಯಾಲಿನ 3,000 ಅಷ್ಟ ನಮ್ಮ ಪಾಲು ಅಂತ ಎಲ್ಲಾರೂ ತಿಳ್ಕೊತಾರ. ಹಂಗಲ್ರಿ. ನಿಮಗ ಅರ್ಧ ರೂಮಿಂದ ಹಕ್ಕು ಇತ್ತು ಅಂತ ಹೇಳಿ ಡಾಕ್ಟರ್ ಫೀ, ಅನಸ್ತೇಶಿಯಾ, ಓಟಿ, ನರ್ಸಿಂಗ್ ಎಲ್ಲಾನೂ ಅರ್ಧಕ್ಕ ಕಡೀತಾರ. ಗುಳಿಗಿ-ಔಷಧ, ಟೆಸ್ಟು, ಒಳಗ ಹಾಕೋ ಇಂಪ್ಲಾಂಟ್ ಇದರಾಗ ಬರೂದಿಲ್ಲ, ಐಸಿಯು ಚಾರ್ಜೂ ಹಿಂಗ ಕಡಿಯೂದಿಲ್ಲ.

ಕಾಕಾನ ಬಿಲ್ 1,44,000 ಆತು. ನಾಲ್ಕು ದಿನದ ರೂಮ್ 24,000, ಡಾಕ್ಟರ್-ಓಟಿ-ನರ್ಸಿಂಗ್ 80,000, ಔಷಧ ಟೆಸ್ಟ್ 40,000. ಕಂಪನಿ ರೂಮಿಗೆ 12,000 ಕೊಡ್ತು, 80,000ಕ್ಕ 40,000 ಕೊಡ್ತು, ಔಷಧದಾಗ ಗ್ಲೌಸು-ಗಿಲೌಸು ಅಂತ 5,000 ತಗದು 35,000 ಕೊಡ್ತು. ಒಟ್ಟು 87,000. ನಮ್ಮ ಕೈಯಿಂದ 57,000. 3,000ದ ರೂಮ್ ಹಿಡಿದಿದ್ರ ಬರೇ ಆ ಗ್ಲೌಸಿಂದ 5,000 ಕೊಟ್ಟು ಮನಿಗೆ ಬರ್ತಿದ್ವಿ. ಅಡ್ಮಿಶನ್ ಮಾಡೂಮುಂದ ದವಾಖಾನ್ಯಾಗ ಇನ್ಶೂರನ್ಸ್ ಕೆಲಸ ನೋಡೋ ಟಿಪಿಎ ಡೆಸ್ಕಿನಾಗ ‘ಈ ಪಾಲಿಸಿಗೆ ಯಾವ ರೂಮ್ ತನಕ ಕೂಡ್ತೈತಿ’ ಅಂತ ಒಂದ ಪ್ರಶ್ನೆ ಕೇಳ್ರಿ, ಸಾಕು. ಆ ರೂಮ್ ಖಾಲಿ ಇಲ್ಲಂದ್ರ ಕೆಳಗಿಂದು ಹಿಡೀರಿ, ಮ್ಯಾಲಿಂದು ಬ್ಯಾಡ.

ಇದರಾಗ ಇನ್ನೊಂದು ಐತಿ. ಕೆಲವು ಸಣ್ಣ ನರ್ಸಿಂಗ್ ಹೋಮಿನಾಗ ರೂಮ್ ಯಾವುದಿದ್ರೂ ಡಾಕ್ಟರ್ ಫೀ, ಓಟಿ ಚಾರ್ಜ್ ಒಂದೇ ಇರ್ತೈತಿ. ಅಂಥಲ್ಲಿ ಹಿಂಗ ಕಡಿಯೂಹಂಗಿಲ್ಲ. ರೇಟ್ ಕಾರ್ಡಿನ ಪ್ರತಿ ಜೋಡಿ ‘ನಮ್ಮಲ್ಲಿ ರೂಮಿನ ಮ್ಯಾಲ ದರ ಬದಲಾಗೂದಿಲ್ಲ’ ಅಂತ ಲೆಟರ್‌ಹೆಡ್ಡಿನಾಗ ಬರೆಸ್ಕೊಂಡು ಕಂಪನಿಗೆ ಕಳಸ್ರಿ. ಕಾಕಾ ಇದ್ದಲ್ಲಿ ದರ ಬ್ಯಾರೆ ಬ್ಯಾರೆನ ಇತ್ತು, ನಮಗ ಇದು ನಡೀಲಿಲ್ಲ.

ಕ್ಯಾಶ್‌ಲೆಸ್ ಫಾರ್ಮ್ ತುಂಬೂದು ಸರಳ, ಡೆಸ್ಕಿನವ್ರ ತುಂಬ್ತಾರ. ಬಿಪಿ, ಶುಗರ್ ಎಷ್ಟು ವರ್ಷದಿಂದ ಅಂತ ಬರೆಯೋ ಜಾಗಾ ಮಾತ್ರ ಒಮ್ಮೆ ಓದ್ರಿ, 10 ತಿಂಗಳು ಇದ್ದದ್ದು ಅವಸರದಾಗ 10 ವರ್ಷ ಆಗಿರ್ತೈತಿ, ಆಮ್ಯಾಲ ಕ್ಲೇಮ್ ಸಿಕ್ಕಿ ಬೀಳ್ತೈತಿ.

ಇನ್ನ ಉಳಿದ 57,000. ಮೊದಲ ದವಾಖಾನಿಯವ್ರನ್ನ ಕೇಳ್ರಿ, ಬಡ್ಡಿ ಇಲ್ದ ಮೂರು ಕಂತು ಕೊಟ್ರ ಅದಕ್ಕಿಂತ ಚಲೋದು ಯಾವುದೂ ಇಲ್ಲ, ಬರವಣಿಗಿಯೊಳಗ ಇರ್ಲಿ ಅಷ್ಟ. ಡಾಕ್ಟರ್ರ ಮಾಲಕ ಇದ್ದಲ್ಲಿ ಒಪ್ತಾರ. ದೊಡ್ಡ ಕಡೆ ಕೌಂಟರ್ ಬಾಜೂಕ ಫೈನಾನ್ಸ್ ಹುಡುಗ ಕುಂತಿರ್ತಾನ, ‘ನೋ ಕಾಸ್ಟ್ ಇಎಂಐ’ ಅಂತಾನ. ಅದು ದವಾಖಾನಿ ಕಂತಲ್ಲ, ನಿಮ್ಮ ಹೆಸರಿನ್ಯಾಗಿನ ಸಾಲ. ನಮಗ ಕ್ಯಾಶ್ ಕಟ್ಟಿದ್ರ 3,000 ಬಿಡ್ತೀವಿ ಅಂದಿದ್ರು, ಇಎಂಐ ಅಂದಕೂಡ್ಲೇ ಆ 3,000 ಹೋತು, ಮ್ಯಾಲ ಪ್ರೊಸೆಸಿಂಗ್ ಫೀ 1,200. ಅಂದ್ರ ‘ನೋ ಕಾಸ್ಟ್’ದ ಕಾಸ್ಟ್ 4,200.

ಅದಕ್ಕ ನನ್ನ ಲೆಕ್ಕದಾಗ ಎರಡನೇದು ಬ್ಯಾಂಕಿನ ಬಂಗಾರ ಸಾಲ. ಕ್ಯಾಶ್ ಕಟ್ಟಿದ್ರ ಬಿಡೋ 3,000 ಕಳದು ಉಳಿದ 54,000ಕ್ಕ ವರ್ಷಕ್ಕ 10 ಪರ್ಸೆಂಟ್ ಹಿಡಿದ್ರೂ ಆರು ತಿಂಗಳಿಗೆ 2,700, ಅದೂ ದಿನದ ಲೆಕ್ಕ, ಬೇಗ ಬಿಡಿಸ್ಕೊಂಡ್ರ ಕಡಿಮಿ. ಬಂಗಾರ ಇಲ್ಲಂದ್ರ ಅಷ್ಟ ಇಎಂಐ ಇಲ್ಲಾ ಪರ್ಸನಲ್ ಲೋನ್, ಎರಡರದೂ ಬಡ್ಡಿ, ಫೀ ಎಲ್ಲಾ ಸೇರಿದ ವರ್ಷದ ದರ ‘ಎಪಿಆರ್’ ಅಂತ ಕಾಗದದಾಗ ಬರೆದಿರ್ತಾರ, ಆ ಒಂದ ಆಕಡಾ ನೋಡಿ ಕಡಿಮಿ ಇದ್ದದ್ದು ತಗೋರಿ. ಕೈಗಡಾ, ತಿಂಗಳಿಗೆ ನೂರಕ್ಕ ಮೂರು ಬಡ್ಡಿ, ಕಟ್ಟಕಡೀಗೆ. ಅದ 54,000ಕ್ಕ ಆರು ತಿಂಗಳಿಗೆ 9,720 ಆಗ್ತೈತಿ. ಮೊಬೈಲ್ ಲೋನ್ ಆ್ಯಪ್ ಹೆಸರೂ ನನ್ನ ಮುಂದ ತಗೀಬ್ಯಾಡ್ರಿ.

ಕಾಕೂನ ಎರಡು ಪಾಟ್ಲಿ ಬ್ಯಾಂಕಿನಾಗಿಟ್ವಿ, ಸುಗ್ಗಿಗೆ ಕಡ್ಲಿ ಮಾರಿ ಬಿಡಿಸ್ಕೊಂಡು ಬಂದ್ವಿ.